ಫ್ರಿಜ್ಜಿನ ಬಾಗಿಲಲ್ಲಿ ಹತ್ತರ ನೋಟು

ದೇವದುರ್ಗದ ನಮ್ಮ ಸೋದರಮಾವನ ಅಂಗಡಿಯಲ್ಲಿ ಮಾವನಿಗಿಂತ ಜೋರಾಗಿ ಮಾತಾಡುವುದು ಒಂದೇ ಒಂದು, ಅವರ ಹಳೇ ಫ್ರಿಜ್ಜು. ಹಾಲು, ಮೊಸರು, ತಂಪು ಪಾನೀಯ ಎಲ್ಲ ಅದರ ಹೊಟ್ಟೆಯಲ್ಲೇ. ಮೇ ತಿಂಗಳ ರಾಯಚೂರು ಜಿಲ್ಲೆಯ ಬಿಸಿಲು, ಮೇಲೆ ತಗಡಿನ ಚಾವಣಿ. ಬೆಳಿಗ್ಗೆ ಗುರ್ ಅಂತ ಶುರುವಿಟ್ಟುಕೊಂಡರೆ ರಾತ್ರಿ ಮಾವ ಮಲಗಿದ ಮೇಲೂ ಬಿಡುವುದಿಲ್ಲ.

ಇಷ್ಟು ವರ್ಷ ಯಾರಿಗೂ ತೊಂದರೆಯಿರಲಿಲ್ಲ. ಕಳೆದ ವರ್ಷ ಮಾನ್ವಿಯಲ್ಲಿರುವ ಮಾವನ ಷಡ್ಡಕರು ಗಾಜಿನ ಬಾಗಿಲಿನ ಹೊಸ ಫ್ರಿಜ್ಜು ತಂದರು. ಒಳಗೆ ನೀಲಿ ದೀಪ ಬೇರೆ! ಷಡ್ಡಕರ ಅಂಗಡಿಯಲ್ಲಿ ನೀಲಿ ದೀಪ ಹತ್ತಿದ ಮೇಲೆ ಮಾವನಿಗೆ ವಿದ್ಯುತ್ ಉಳಿತಾಯದ ಬಗ್ಗೆ ದಿಢೀರ್ ಕಾಳಜಿ ಹುಟ್ಟಿತು.

ರಾಯಚೂರಿನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುವವನೆಂದು ನನ್ನನ್ನೂ ಫ್ರಿಜ್ಜು ಮಾರುವ ಅಂಗಡಿಗೆ ಕರೆದುಕೊಂಡು ಹೋದರು. ಮಾರುವವನು ಕ್ಯಾಲ್ಕುಲೇಟರ್ ತೆಗೆದ. ಹಳೇದು ದಿನಕ್ಕೆ 7 ಯೂನಿಟ್ ತಿನ್ನುತ್ತೆ, ಹೊಸದು 3. ಉಳಿದದ್ದು 4. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ದಿನಕ್ಕೆ 32, ವರ್ಷಕ್ಕೆ 11,680. ಬೆಲೆ 42,000. "ಮೂರೂವರೆ ವರ್ಷಕ್ಕ ಫ್ರಿಜ್ಜು ಪುಕ್ಕಟ್ಟೆ ಬಿದ್ದಂಗ್ರೀ ಸಾಹುಕಾರ್ರ!"

"ಕೇಳಿದಿ ಏನೋ ಅಳಿಯಾ?" ಅಂದರು ಮಾವ. ಪುಕ್ಕಟ್ಟೆ ಎನ್ನುವ ಮಾತು ಕಿವಿಗೆ ಬಿದ್ದಮೇಲೆ ಅವರಿಗೆ ಬೇರೇನೂ ಕೇಳಿಸುವುದಿಲ್ಲ.

ಆ 7 ಯೂನಿಟ್ ಸುಳ್ಳಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಮೀಟರೊಂದನ್ನು ಎಲೆಕ್ಟ್ರಿಷಿಯನ್ ಹತ್ತಿರ ಎರವಲು ತಂದು ಒಂದು ವಾರ ನಾವೇ ಅಳೆದಿದ್ದೆವು. ಆದರೆ ಅಳೆದದ್ದು ಮೇ ತಿಂಗಳಲ್ಲಿ. ಡಿಸೆಂಬರಿನಲ್ಲಿ ಅದೇ ಫ್ರಿಜ್ಜು ಆಗಾಗ ಸುಮ್ಮನಾಗುತ್ತದೆ. ಇತ್ತ ಹೊಸದರ 3 ಯೂನಿಟ್ ಕಂಪನಿಯವರ ಪರೀಕ್ಷಾ ಕೋಣೆಯ ಲೆಕ್ಕ. ಆ ಕೋಣೆಗೆ ತಗಡಿನ ಚಾವಣಿಯಿಲ್ಲ, ಅಲ್ಲಿ ಬಾಗಿಲು ತೆಗೆದಿಟ್ಟು "ಕಾಕಾ, ಇದರಾಗ ಯಾವುದು ಭಾಳ ತಂಪೈತಿ?" ಎಂದು ಯೋಚಿಸುತ್ತ ನಿಲ್ಲುವ ಹುಡುಗರೂ ಇಲ್ಲ. ವರ್ಷದ ಸರಾಸರಿ ನೋಡಿದರೆ ಉಳಿತಾಯ ದಿನಕ್ಕೆ 3 ಯೂನಿಟ್ ದಾಟುವುದು ಕಷ್ಟ. ಅಂದರೆ 8,760 ರೂಪಾಯಿ. ಸ್ಟೆಬಿಲೈಸರ್ ಸೇರಿ ಖರ್ಚು 45,000. ಐದು ವರ್ಷದ ಮೇಲಾಯಿತು.

"ಕೆಡೋ ಹಾಲು ಹಿಡಿಯಲಿಲ್ಲಲ್ಲ ನೀ?" ಮಾವ ಪಟ್ಟು ಬಿಡಲಿಲ್ಲ. ಸರಿ, ಮೇ ತಿಂಗಳ ನೋಟುಬುಕ್ಕು ತೆಗೆಸಿದೆ. ಕೆಟ್ಟದ್ದು 14 ಪಾಕೀಟು. ಅದರಲ್ಲಿ 9 ಕರೆಂಟು ಗಂಟೆಗಟ್ಟಲೆ ಹೋದ ದಿನದವು. ಜಿಲ್ಲೆಯಲ್ಲೇ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಇದೆ ನಿಜ, ಆದರೆ ತಂತಿಯಲ್ಲಿ ಕರೆಂಟಿಲ್ಲದಾಗ ನೀಲಿ ದೀಪದ ಫ್ರಿಜ್ಜೂ ಬರೀ ಪೆಟ್ಟಿಗೆಯೇ. ಉಳಿದ ಐದನ್ನು ಮಾವ ಹೊರಗೆ ಕಟ್ಟೆಯ ಮೇಲಿಟ್ಟು ಮರೆತಿದ್ದರು. ಅದನ್ನು ಅತ್ತೆ ಹೇಳಿದ್ದು, ನಾನಲ್ಲ.

ಆಮೇಲೆ ಹಳೇ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಬಾಗಿಲಿನ ಅಂಚಿನುದ್ದಕ್ಕೂ ಬೆವರು ಹನಿ. ಮಾವನ ಜೇಬಿನಿಂದ ಹತ್ತರ ನೋಟು ಇಸಿದುಕೊಂಡು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆದೆ. ಬೆಣ್ಣೆಯೊಳಗಿಂದ ಬಂದಂತೆ ಬಂತು. ರಬ್ಬರು ಗಟ್ಟಿಯಿದ್ದರೆ ನೋಟು ಕಚ್ಚಿ ಹಿಡಿಯಬೇಕು. ಇಲ್ಲಿ ರಬ್ಬರು ಸವೆದು ತಂಪು ಹೊರಗೆ, ಸೆಕೆ ಒಳಗೆ. ಹಿಂಬದಿಯ ಜಾಲರಿ ಗೋಡೆಗೆ ಒತ್ತಿಕೊಂಡಿತ್ತು. ಅದರ ಮೇಲೆ ಬೆರಳು ದಪ್ಪ ಧೂಳು. ಒಳಗಿನ ಶಾಖ ಹೊರಹೋಗುವ ದಾರಿಯೇ ಅದು. ದಾರಿ ಕಟ್ಟಿದರೆ ಕಂಪ್ರೆಸರ್ ಗುರ್ ಅನ್ನದೆ ಇನ್ನೇನು ಮಾಡೀತು, ಪಾಪ!

ಹೊಸ ರಬ್ಬರು, ಕೂಲಿ ಸೇರಿ 1,200 ರೂಪಾಯಿ. ಧೂಳು ಝಾಡಿಸಿ, ಗೋಡೆಯಿಂದ ಒಂದು ಗೇಣು ಈಚೆ ಸರಿಸಿದೆವು. ಮತ್ತೆ ಮೀಟರ್ ಹಾಕಿದಾಗ 7 ಇದ್ದದ್ದು 5ಕ್ಕೆ ಇಳಿದಿತ್ತು. ವರ್ಷದ ಸರಾಸರಿಯಲ್ಲಿ ಒಂದೂವರೆ ಯೂನಿಟ್ ಅಂದುಕೊಂಡರೂ 4,380 ರೂಪಾಯಿ ಉಳಿಯುತ್ತದೆ. ರಬ್ಬರಿನ ದುಡ್ಡು ನಾಲ್ಕು ತಿಂಗಳೊಳಗೆ ವಸೂಲು. ಮಾರುವವನು ಹೊಸ ಫ್ರಿಜ್ಜನ್ನು ಕಾಯಿಲೆಬಿದ್ದ ಫ್ರಿಜ್ಜಿನ ಜೊತೆ ತೂಗಿದ್ದ. ವಾಸಿಯಾದ ಫ್ರಿಜ್ಜಿನ ಜೊತೆ ತೂಗಿದರೆ ಹೊಸದರಿಂದ ಸಿಗುವುದು ಉಳಿದ ಒಂದೂವರೆ ಯೂನಿಟ್ ಮಾತ್ರ. 45,000 ತಿರುಗಿ ಬರಲು ಹತ್ತು ವರ್ಷ ದಾಟುತ್ತದೆ.

ಮಾವ ಬಹಳ ಹೊತ್ತು ಸುಮ್ಮನಿದ್ದು, "ನೀಲಿ ದೀಪ ಒಂದ ಹಾಕಸಾಕ ಎಷ್ಟಾಕ್ಕೈತಿ?" ಅಂದರು.

ನೂರೈವತ್ತಾಯಿತು. ಮಾನ್ವಿಯವರು ಬಂದಾಗ ಅಂಗಡಿ ದೀಪ ಆರಿಸಿ, ನೀಲಿಯದನ್ನಷ್ಟೇ ಹಚ್ಚುತ್ತಾರೆ. ಹೊಸ ರಬ್ಬರು ಪರೀಕ್ಷಿಸಲು ಮತ್ತೆ ಸಿಕ್ಕಿಸಿದ ಆ ಹತ್ತರ ನೋಟು ಇನ್ನೂ ಬಾಗಿಲ ಸಂದಿಯಲ್ಲೇ ಇದೆ.