ಕಂಬಳಿ ಇದ್ದರೆ ಕನಕ

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆಗೆ ತೀರ್ಪುಗಾರರು ಯಾರೇ ಇರಲಿ, ತೀರ್ಪು ಮಾತ್ರ ಮುಂದಿನ ಸಾಲಿನ ಮೇಷ್ಟ್ರದು. ನಿವೃತ್ತಿಯಾಗಿ ಹನ್ನೆರಡು ವರ್ಷವಾಯಿತು, ಹಾಜರಿ ಕರೆಯುವ ಚಟ ಬಿಟ್ಟಿಲ್ಲ. ಮಗು ಮೈಕಿನ ಹತ್ತಿರ ಬಂದು ‘ನಾನು ಯಾರು ಗೊತ್ತಾ?’ ಅನ್ನುವಷ್ಟರಲ್ಲಿ ಪಕ್ಕದವರ ತೊಡೆ ತಟ್ಟಿ ಹೆಸರು ಹೇಳಿಬಿಟ್ಟಿರುತ್ತಾರೆ.

ಮುಖ ನೋಡಬಾರದು ಎಂಬುದು ಅವರ ಮೊದಲ ಪಾಠ. ಕಾಡಿಗೆಯ ಮೀಸೆ ಬಳಿದರೆ ಎಲ್ಲ ಮಕ್ಕಳೂ ಒಂದೇ. ಒನಕೆ ಕಂಡರೆ ಓಬವ್ವ, ಅದಕ್ಕೆ ಜಾಣತನ ಬೇಡ. ಕತ್ತಿ, ಕಿರೀಟ, ಕಚ್ಚೆಸೀರೆ ಒಟ್ಟಿಗೆ ಬಂದರೆ ಮಾತ್ರ ಮೇಷ್ಟ್ರು ಕುರ್ಚಿಯ ತುದಿಗೆ ಜರುಗುತ್ತಾರೆ. ಕಿತ್ತೂರೋ, ಝಾನ್ಸಿಯೋ?

“ಬೆನ್ನು ನೋಡಿ ಸ್ವಾಮಿ, ಬೆನ್ನು! ದತ್ತುಮಗ ಇಬ್ಬರಿಗೂ ಇದ್ದ. ಬೆನ್ನಿಗೆ ಕಟ್ಟಿಕೊಂಡು ಕುದುರೆ ಹತ್ತಿದ ಚಿತ್ರ ಇರೋದು ಲಕ್ಷ್ಮೀಬಾಯಿಯದು.”

ಹೋದ ವರ್ಷ ಹಾಗೆಯೇ ಒಂದು ಝಾನ್ಸಿ ರಾಣಿ ಬಂದಳು. ಕತ್ತಿ ಬೀಸಿದ ರಭಸಕ್ಕೆ ಬೆನ್ನಿನ ದುಪಟ್ಟಾ ಸಡಿಲವಾಗಿ ಗೊಂಬೆ ಕೆಳಗೆ ಬಿತ್ತು. “ಈಗ ಚೆನ್ನಮ್ಮ ಆದಳು” ಎಂದರು ಮೇಷ್ಟ್ರು. ಕಿತ್ತೂರಿನಲ್ಲಿ ಥ್ಯಾಕರೆ ಸತ್ತದ್ದು 1824ರಲ್ಲಿ, ಝಾನ್ಸಿ ರಾಣಿ ಮಡಿದದ್ದು 1858ರಲ್ಲಿ. ಒಂದು ಸೇಫ್ಟಿ ಪಿನ್ನು ಕೈಕೊಟ್ಟದ್ದಕ್ಕೆ ಕಾಲ ಮೂವತ್ತನಾಲ್ಕು ವರ್ಷ ಹಿಂದಕ್ಕೆ ಹೋಯಿತು. ಮಗು ಗೊಂಬೆಯನ್ನು ಕಾಲು ಹಿಡಿದೆತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಯುದ್ಧ ಮುಂದುವರಿಸಿತು; ಈ ಭಂಗಿಗೆ ಮೇಷ್ಟ್ರ ಹತ್ತಿರವೂ ಹೆಸರಿರಲಿಲ್ಲ.

ಅವರ ನಿಜವಾದ ಪಾಂಡಿತ್ಯ ಇರುವುದು ದಾಸರ ವಿಷಯದಲ್ಲಿ. ತಂಬೂರಿ, ನಾಮ, ತುಳಸಿಮಾಲೆ ಯಾವ ದಾಸರಿಗಾದರೂ ಸಲ್ಲುತ್ತವೆ, ಅವನ್ನು ನಂಬಿ ಕೆಟ್ಟವರೇ ಹೆಚ್ಚು. ಹೆಗಲ ಮೇಲೆ ಕಂಬಳಿಯಿದ್ದರೆ ಕನಕ. ಕಾಲಲ್ಲಿ ಗೆಜ್ಜೆ, ತಲೆಗೆ ರುಮಾಲು, ತೋಳಿಗೆ ಗೋಪಾಳಬುಟ್ಟಿ ಇದ್ದರೆ ಪುರಂದರ.

ಈ ಸಲ ಐದು ವರ್ಷದ ಹುಡುಗನೊಬ್ಬ ರಟ್ಟಿನ ತಂಬೂರಿ ಹಿಡಿದು ಬಂದ. ರುಮಾಲಿಲ್ಲ, ಬುಟ್ಟಿಯಿಲ್ಲ, ಕಾಲು ಬರಿಗಾಲು. ಹೆಗಲ ಮೇಲೆ ಅಚ್ಚ ಕರಿಯ ಕಂಬಳಿ. ಮೇಷ್ಟ್ರು ಎದ್ದೇ ನಿಂತರು. “ಕನಕದಾಸರು! ಬಾಡ ಗ್ರಾಮದವರು! ಹತ್ತಕ್ಕೆ ಹತ್ತು!”

ಹುಡುಗ ಒಮ್ಮೆ ಸೀನಿದ. ಮೈಕು ಹಿಡಿದು, “ನಾನು ಪುರಂದರದಾಸ” ಅಂದ.

“ಮತ್ತೆ ಕಂಬಳಿ ಯಾಕಪ್ಪಾ?”

“ಜ್ವರ ಅಂತ ಅಮ್ಮ ಹೊದಿಸಿದ್ಳು.”

ಸಭೆಯೆಲ್ಲ ನಕ್ಕಿತು. ಮೇಷ್ಟ್ರು ಬಿಡಲಿಲ್ಲ. “ಗೆಜ್ಜೆ ಎಲ್ಲಿ ಹಾಗಾದರೆ?”

“ಚುಚ್ತು, ಬಿಚ್ಚಿದೆ.”

“ಬುಟ್ಟಿ?”

“ಅಜ್ಜಿ ಹೂ ಬಿಡಿಸೋಕೆ ತಗೊಂಡು ಹೋದ್ರು.”

ಮೇಷ್ಟ್ರು ಕೂತರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಿವಿಯ ಹತ್ತಿರ ಬಗ್ಗಿ, “ಗುರುತು ನಾನು ಹಿಡಿದದ್ದೇ ಸರಿ ಇವರೇ, ಹುಡುಗ ತಪ್ಪು ಹೇಳ್ತಿದ್ದಾನೆ” ಎಂದರು.