ಧಾರೆ ಬ್ಲೌಸ್ ಎಲ್ಲಿಗೆ ಬಂತು?

ಅಕ್ಕಾವ್ರಿಗೆ ಸಾಲಗಾಮೆಯ ನಿಮ್ಮ ಟೈಲರಮ್ಮನ ನಮಸ್ಕಾರಗಳು.

ಮಗಳ ಧಾರೆ ಬ್ಲೌಸ್ ಇನ್ನೂ ಕೈಗೆ ಬಂದಿಲ್ಲವೆಂದು ನೀವು ಡೈರಿ ಮುಂದೆಯೂ ಹೇಳಿದ್ದೀರಿ, ಹಾಸನದ ಬಸ್ಸಿನಲ್ಲೂ ಹೇಳಿದ್ದೀರಿ. ದೂರು ಊರಿಗೆಲ್ಲ ಮುಟ್ಟಿರುವುದರಿಂದ ಉತ್ತರವೂ ಊರಿಗೆಲ್ಲ ಮುಟ್ಟಲಿ ಅಂತ ಈ ಬಹಿರಂಗ ಪತ್ರ.

ಲಗ್ನ ನಿಶ್ಚಯವಾದದ್ದು ಜ್ಯೇಷ್ಠದಲ್ಲಿ. ಸೀರೆ ತಂದದ್ದೂ ಆಗಲೇ. ಆದರೆ ಆಷಾಢದಲ್ಲಿ ಶುಭಕಾರ್ಯದ ಬಟ್ಟೆ ಕೊಡಬಾರದು ಅಂತ ನೀವು ಅದನ್ನು ಬೀರುವಿನಲ್ಲಿಟ್ಟಿರಿ. ಆಷಾಢದಲ್ಲಿ ಮದುವೆ ಆಗಬಾರದು ಸರಿ, ಬ್ಲೌಸಿಗೆ ಕತ್ತರಿ ಹಾಕಬಾರದು ಅಂತ ಯಾವ ಪಂಚಾಂಗದಲ್ಲಿದೆಯೋ ಕಾಣೆ. ನನ್ನ ಮಿಷನ್ ಆ ತಿಂಗಳು ಪೂರ್ತಿ ಲಂಗದ ಲಾಡಿ, ಶಾಲೆ ಯೂನಿಫಾರಮ್ಮು ಹೊಲಿದುಕೊಂಡಿತ್ತು. ಶ್ರಾವಣ ಬಿತ್ತು ನೋಡಿ, ಹೊಳೆನರಸೀಪುರದ ಬೀಗರು, ಅರಕಲಗೂಡಿನ ನಾದಿನಿ, ಚನ್ನರಾಯಪಟ್ಟಣದ ಚಿಕ್ಕಮ್ಮ, ಎಲ್ಲರ ಚೀಲಗಳೂ ಒಂದೇ ವಾರದಲ್ಲಿ ನನ್ನ ಮೇಜಿನ ಮೇಲೆ. ಎಲ್ಲದರ ಮೇಲೂ ಒಂದೇ ಮಾತು: "ನಮ್ದು ಅರ್ಜೆಂಟು."

ಇನ್ನು ಅಳತೆ. ಹಾಸನಾಂಬೆಯಾದರೂ ವರ್ಷಕ್ಕೊಮ್ಮೆ ಬಾಗಿಲು ತೆಗೆದು ದರ್ಶನ ಕೊಡುತ್ತಾಳೆ. ಬೆಂಗಳೂರಿನಲ್ಲಿರುವ ಮದುವಣಗಿತ್ತಿಯ ದರ್ಶನ ನನ್ನ ಟೇಪಿಗೆ ಇನ್ನೂ ಆಗಿಲ್ಲ. ಬಂದದ್ದು ಆಕೆ ಕಾಲೇಜಿಗೆ ಹೋಗುವಾಗಿನ ಅಳತೆ ಬ್ಲೌಸು, ಎದೆ 34 ಇಂಚು. "ಈಗ ಸ್ವಲ್ಪ ತುಂಬ್ಕೊಂಡವಳೆ, ನೋಡ್ಕೊಂಡು ಹೊಲಿ" ಅಂದಿರಿ. ಟೇಪಿನ ಮೇಲೆ "ಸ್ವಲ್ಪ" ಅಂತ ಗೆರೆ ಇಲ್ಲ ಅಕ್ಕ. ಪಕ್ಕದ ಹೊಲಿಗೆ ಎರಡು, ಒಂದೊಂದರಲ್ಲಿ ಹಿಂದಿನ ಪದರ, ಮುಂದಿನ ಪದರ. ಪದರಕ್ಕೆ ಒಂದಿಂಚು ಹೆಚ್ಚಿಗೆ ಬಟ್ಟೆ ಬಿಟ್ಟರೆ ನಾಲ್ಕು ಇಂಚು ಬಿಚ್ಚಿಕೊಡಬಹುದು. 38ರ ಆಚೆಗೆ ಹೋದರೆ ಕಂಕುಳಲ್ಲಿ ಪಟ್ಟಿ ಕೊಡಬೇಕು, ಧಾರೆಗೆ ಕೈ ಎತ್ತಿದಾಗ ಅದು ಇಡೀ ಛತ್ರಕ್ಕೆ ಕಾಣುತ್ತದೆ. ಹತ್ತಿ ಬಟ್ಟೆಯಾಗಿದ್ದರೆ ಹೊಲಿದು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ರೇಷ್ಮೆಯಲ್ಲಿ ಸೂಜಿ ಬಿದ್ದ ತೂತು ಸಾಲಾಗಿ ಹಾಗೇ ಉಳಿಯುತ್ತದೆ, ಇಸ್ತ್ರಿ ಹಾಕಿದರೂ ಮುಚ್ಚುವುದಿಲ್ಲ. ಅದಕ್ಕೇ ಕಚ್ಚಾ ಹೊಲಿಗೆ ಹಾಕಿಟ್ಟು ಟ್ರಯಲ್‌ಗೆ ಕಾದು ಕೂತಿದ್ದೇನೆ.

ಆರಿ ವರ್ಕಿನ ಕಥೆ ಬೇರೆ. ವರ್ಕಿನ ಬ್ಲೌಸನ್ನು ಹೊಲಿದ ಮೇಲೆ ಕಸೂತಿಗೆ ಕೊಡುವುದಲ್ಲ. ಮೊದಲು ಇಡೀ ಬಟ್ಟೆಯ ಮೇಲೆ ಕತ್ತು, ಬೆನ್ನು, ತೋಳಿನ ಗೆರೆ ಬರೆದು ಕೊಡಬೇಕು. ವರ್ಕಿನವರು ಅದನ್ನು ಚೌಕಟ್ಟಿಗೆ ಬಿಗಿದು ಜರಿ, ಮಣಿ ಕೂರಿಸುತ್ತಾರೆ. ಹೊಲಿಗೆ ಬೀಳುವ ಜಾಗದಲ್ಲಿ ಅರ್ಧ ಇಂಚು ಖಾಲಿ ಬಿಡಬೇಕು, ಇಲ್ಲದಿದ್ದರೆ ಮಣಿ ಮೇಲೆ ಸೂಜಿ ಬಿದ್ದು ಮುರಿಯುತ್ತದೆ. ವಾಪಸ್ಸು ಬಂದ ಮೇಲೆ ನೆನೆಸಿ ಒಣಗಿಸಿದ ಲೈನಿಂಗ್ ಜೊತೆಗಿಟ್ಟು ಕತ್ತರಿ. ನೆನೆಸದ ಲೈನಿಂಗ್ ಹಾಕಿದರೆ ಮೊದಲ ಒಗೆತಕ್ಕೇ ಒಳಗೆ ಕುಗ್ಗಿ ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ.

ನೀವು ಹೇಳಿದಂತೆ ಬೆನ್ನಿಗೆ ಒಂಬತ್ತು ಇಂಚು ಡೀಪ್ ಬರೆದು ಹಾಸನಕ್ಕೆ ಕಳಿಸಿದೆ. ಕೆಲಸ ಮುಗಿದು ಬಂದ ದಿನ ರಾತ್ರಿ ನಿಮ್ಮ ಮಗಳ ಮೆಸೇಜು: ಯಾರೋ ನಟಿಯ ಫೋಟೋ, ಕೆಳಗೆ "ಆಂಟಿ, ಬೋಟ್ ನೆಕ್ ಮಾಡಿ." ಬರೆದ ಗೆರೆ ಅಳಿಸಬಹುದು ಕಣಮ್ಮ, ಕೂರಿಸಿದ ಮಣಿಯನ್ನು ಮೇಲಕ್ಕೆ ಎಳೆದು ಕಟ್ಟಲಾಗುವುದಿಲ್ಲ. ಬೋಟ್ ನೆಕ್ ಮಾಡಿದರೆ ಆ ಡಿಸೈನು ಬೆನ್ನ ನಡುವೆ ಎತ್ತಿಗೆ ಹೊಡೆದ ಲಾಳದ ಹಾಗೆ ಕಾಣುತ್ತದೆ. ಜೊತೆಗೆ ಮುಕ್ಕಾಲು ತೋಳು ಬೇಕಂತೆ. ಸೀರೆಯಲ್ಲಿ ಬಂದ ಬ್ಲೌಸ್ ಪೀಸು ಒಂದು ಮೀಟರೂ ಇಲ್ಲ. ಅಂಚು ಹಿಡಿದು ಕತ್ತರಿಸಿದರೆ ಮೊಣಕೈವರೆಗೆ ಎರಡು ತೋಳು ಬರುತ್ತವೆ, ಅಷ್ಟೇ. ಇದನ್ನು ತಿಳಿಸಿದೆ. "ಮಮ್ಮಿ ಹತ್ರ ಕೇಳಿ ಹೇಳ್ತೀನಿ" ಎಂದಳು. ನಿಮ್ಮನ್ನು ಕೇಳಿದರೆ "ಅವಳ್ದೇ ಮದುವೆ, ಅವಳನ್ನೇ ಕೇಳು" ಎಂದಿರಿ. ನಿಮ್ಮಿಬ್ಬರ ಮಧ್ಯೆ ಬ್ಲೌಸು ಹ್ಯಾಂಗರಿನಲ್ಲಿ ನೇತಾಡುತ್ತಿದೆ.

ನಿಮ್ಮ ಯಜಮಾನರು ಅಹಮದಾಬಾದಿನ ಸುದ್ದಿಯೊಂದನ್ನು ಫೋನಿನಲ್ಲಿ ತೋರಿಸಿಹೋದರು. 2024ರ ಡಿಸೆಂಬರ್ 24ರ ಮದುವೆಗೆ ಹೆಂಗಸೊಬ್ಬರಿಗೆ ಬ್ಲೌಸ್ ಕೊಡದ ಟೈಲರು, ಮುಂಗಡ ಪಡೆದಿದ್ದ 4,395 ರೂಪಾಯಿಯನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕೆಂದು ಅಲ್ಲಿನ ಗ್ರಾಹಕ ಆಯೋಗ ಹೇಳಿತಂತೆ. ನ್ಯಾಯವೇ. ಆ ಹೆಂಗಸು ತಿಂಗಳ ಮುಂಚೆ ದುಡ್ಡು ಕೊಟ್ಟಿದ್ದರು. ನಿಮ್ಮಿಂದ ನನಗೆ ಬಂದ ಮುಂಗಡ "ಆಲೂಗೆಡ್ಡೆ ಕಿತ್ತ ಮೇಲೆ ನೋಡಾಣ" ಎಂಬ ಮಾತು ಒಂದೇ. ಅದನ್ನು ಯಾವಾಗ ಬೇಕಾದರೂ ಬಡ್ಡಿ ಸಮೇತ ಹಿಂದಿರುಗಿಸಲು ಸಿದ್ಧಳಿದ್ದೇನೆ.

ಈಗ ಆಗಬೇಕಾದದ್ದು ಇಷ್ಟು. ಭಾನುವಾರ ಮಗಳು ಊರಿಗೆ ಬರುತ್ತಾಳಂತೆ. ಬಸ್ಸಿಳಿದವಳೇ ಇಲ್ಲಿಗೆ ಬರಲಿ, ಮದುವೆಯ ದಿನ ಹಾಕಿಕೊಳ್ಳುವ ಒಳಉಡುಪನ್ನೇ ಹಾಕಿಕೊಂಡು ಬರಲಿ, ಇಲ್ಲದಿದ್ದರೆ ಫಿಟ್ಟಿಂಗು ಮತ್ತೆ ಹೆಚ್ಚುಕಮ್ಮಿಯಾಗುತ್ತದೆ. ಡೀಪ್ ನೆಕ್ ಡೀಪ್ ನೆಕ್ಕಾಗಿಯೇ ಇರುತ್ತದೆ. ಟ್ರಯಲ್ ಆದ ಮಾರನೆ ಸಂಜೆ ಹುಕ್ಕು ಹಾಕಿ, ಇಸ್ತ್ರಿ ಮಾಡಿ ಕೊಡುತ್ತೇನೆ, ಕರೆಂಟು ಹೋದರೆ ಕಾಲಲ್ಲೇ ತುಳಿದು ಹೊಲಿಯುತ್ತೇನೆ. ಫೋನ್ ಮನೆಯಲ್ಲೇ ಬಿಟ್ಟು ಬರಲಿ. ನೀವು ಬರುವಾಗ, ಹೋದ ವರ್ಷದ ಗೃಹಪ್ರವೇಶದ ಬ್ಲೌಸಿನ ಬಾಕಿ ಇದೆ, ಅದನ್ನು ತನ್ನಿ.