ಚಕ್ಕುಲಿ ದುಬಾರಿಯಾದ ಪತ್ರ

ಬೆಲೆ ಏರಿಸುವುದರಲ್ಲಿ ನನ್ನ ಗುರು ನಂದಿನಿ ಹಾಲು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿಲಿ ಹಾಲು ಹೆಚ್ಚು ಹಾಕಿ, ಎರಡು ರೂಪಾಯಿ ಹೆಚ್ಚು ಪಡೆದು, ಇದು ಬೆಲೆ ಏರಿಕೆಯೇ ಅಲ್ಲ ಎಂದರು. ನಮ್ಮ ನಗರಗೆರೆಯಲ್ಲಿ ಹಾಲು ಹಾಕುವವರೂ ಕೊಳ್ಳುವವರೂ ಒಂದೇ ಕಟ್ಟೆಯ ಮೇಲೆ ಕೂತು ಅದನ್ನು ಏರಿಕೆ ಎಂದೇ ಕರೆದರು. ಮುಂದೆ 2025ರ ಏಪ್ರಿಲ್ 1ರಿಂದ ಆ 50 ಮಿಲಿ ಹೋಯಿತು, ಲೀಟರಿಗೆ ನಾಲ್ಕು ರೂಪಾಯಿ ಏರಿತು. ಈ ಸಲ ಮಾತ್ರ ಮುಚ್ಚುಮರೆಯಿಲ್ಲ: ಏರಿಸಿದ್ದೇವೆ, ಹಣ ಹಾಲು ಉತ್ಪಾದಕರಿಗೆ ಎಂದು ಹೇಳಿಬಿಟ್ಟರು. ಜನ ಗೊಣಗಿದರು, ಮರುದಿನ ಬೆಳಿಗ್ಗೆ ಪ್ಯಾಕೆಟ್ಟು ತಂದರು.

ನಮ್ಮ ಮನೆಯ ಉದ್ಯಮ ಅಷ್ಟು ದೊಡ್ಡದಲ್ಲ. ನನ್ನ ಹೆಂಡತಿ ಬೆಣ್ಣೆ ಚಕ್ಕುಲಿ ಮಾಡುತ್ತಾಳೆ. ಗೌರಿಬಿದನೂರಿಗೂ ಬೆಂಗಳೂರಿಗೂ ಬಸ್ಸಿನಲ್ಲಿ ಡಬ್ಬ ಹೋಗುತ್ತದೆ. ನಾನು ನಿವೃತ್ತ, ಹಾಗಾಗಿ ಲೆಕ್ಕಪತ್ರ ವಿಭಾಗದ ಮುಖ್ಯಸ್ಥ. ಆ ವಿಭಾಗದಲ್ಲಿ ಬೇರೆ ಯಾರೂ ಇಲ್ಲ, ನನಗೂ ಕೆಲಸವಿಲ್ಲ. ಆದ್ದರಿಂದ ಕಿಲೋಗೆ 240 ಇದ್ದದ್ದನ್ನು 280 ಮಾಡಬೇಕಾದಾಗ, ಗಿರಾಕಿಗಳಿಗೆ ಪತ್ರ ಬರೆಯುವ ಹೊಣೆ ಸಹಜವಾಗಿ ನನ್ನ ಪಾಲಿಗೆ ಬಂತು. ಅಂದರೆ, ನಾನೇ ಕಿತ್ತುಕೊಂಡೆ.

ಪತ್ರ ಹೀಗೆ ಶುರುವಾಯಿತು: "ಮಾನ್ಯರೇ, ಜಾಗತಿಕ ಮಾರುಕಟ್ಟೆಯ ಏರಿಳಿತಗಳು ಮಾನವಕುಲವನ್ನು ತಲ್ಲಣಗೊಳಿಸಿರುವ ಈ ಸಂಧಿಕಾಲದಲ್ಲಿ..." ಎರಡನೆಯ ಪುಟದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ಖಾದ್ಯತೈಲದ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿದ್ದು ಬಂತು. ಮೂರನೆಯದರಲ್ಲಿ 2025ರ ಏಪ್ರಿಲ್ 8ರಂದು ಸಿಲಿಂಡರಿಗೆ 50 ರೂಪಾಯಿ ಏರಿದ ದುಃಖ. ಹೊಸ ಬೆಲೆ ನಾಲ್ಕನೆಯ ಪುಟದ ಕೊನೆಯಲ್ಲಿ, ಆವರಣದೊಳಗೆ.

ನನ್ನಾಕೆ ಕಾಗದವನ್ನು ಎಣ್ಣೆಕೈಯಲ್ಲೇ ಹಿಡಿದು ಓದಿದಳು. ಅವಳ ತವರು ಹಿಂದೂಪುರದ ಕಡೆ. ಸಿಟ್ಟು ಬಂದರೆ ತೆಲುಗು ಬರುತ್ತದೆ. "ಎಂದುಕಂಡಿ ಈ ರಾಮಾಯಣ? ರೇಟು ಎಲ್ಲಿದೆ ರೀ?"

"ಮೊದಲು ಮನಸ್ಸು ಸಿದ್ಧ ಮಾಡಬೇಕು ಕಣೇ."

"ಅಷ್ಟು ಹೊತ್ತು ಓದಿದೋರು ಯಾರೋ ಸತ್ತಿದ್ದಾರೆ ಅಂದ್ಕೊಳ್ತಾರೆ."

ಆಮೇಲೆ ಅವಳು ನನ್ನ ಲೆಕ್ಕದ ಪುಸ್ತಕ ಕೇಳಿದಳು. ಅಲ್ಲಿ ಪರಿಸ್ಥಿತಿ ಪತ್ರಕ್ಕಿಂತ ನಾಜೂಕಾಗಿತ್ತು. ಒಂದು ಕಿಲೋ ಚಕ್ಕುಲಿ ಹೆಚ್ಚುಕಡಿಮೆ 300 ಮಿಲಿ ಎಣ್ಣೆ ಕುಡಿಯುತ್ತದೆ. ನಾವು ತರುವ ಎಣ್ಣೆ ಲೀಟರಿಗೆ 35 ರೂಪಾಯಿ ಏರಿತ್ತು, ಅಂದರೆ ಕಿಲೋಗೆ ಸುಮಾರು ಹತ್ತು. ಕೊನೆಯಲ್ಲಿ ಬಾಣಲೆಯಲ್ಲಿ ಕಪ್ಪಾಗಿ ಉಳಿದು ಚೆಲ್ಲುವ ಎಣ್ಣೆಗೆ ಮೂರು, ಗ್ಯಾಸಿಗೆ ಒಂದೂವರೆ, ಬೆಣ್ಣೆ ಉದ್ದಿಗೆ ಐದೂವರೆ. ಎಲ್ಲ ಸೇರಿ ಇಪ್ಪತ್ತು. ಏರಿಸುತ್ತಿರುವುದು ನಲವತ್ತು. ಮಿಕ್ಕ ಇಪ್ಪತ್ತನ್ನು ನಾನು ಜಾಗತಿಕ ಮಾರುಕಟ್ಟೆಯ ತಲೆಗೆ ಕಟ್ಟಿದ್ದೆ.

"ಈ ಸಾಲು ಏನು?" ಎಂದಳು. ಅಲ್ಲಿ ನನ್ನ ದುಂಡಗಿನ ಅಕ್ಷರದಲ್ಲಿ "ಕೂಲಿ: 0 (ಮನೆಯವರೇ)" ಎಂದಿತ್ತು.

ಕೂಲಿ ಸೊನ್ನೆ ಎಂದು ಹಿಡಿದರೂ ಕಿಲೋಗೆ ಮಿಗುತ್ತಿದ್ದದ್ದು 30 ರೂಪಾಯಿ. ಖರ್ಚು ಏರಿದ ಮೇಲೆ ಹತ್ತು. ಹತ್ತು ಕಿಲೋ ಒತ್ತಿದ ದಿನ ಅವಳ ಕೈಗೆ ನೂರು ರೂಪಾಯಿ. ಅದೇ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ನರೇಗಾ ದಿನಗೂಲಿ 349ರಿಂದ 370 ಆಗಿತ್ತು. ಇದನ್ನು ಅವಳಿಗೆ ಹೇಳಿದವನೂ ನಾನೇ, ಪೇಪರು ಓದುವ ಚಟಕ್ಕೆ. "ಹಂಗಾದ್ರೆ ಕೆರೆ ಹೂಳೆತ್ತೋಕೆ ಹೋಗ್ತೀನಿ, ನೀವು ಒರಳು ಹಿಡೀರಿ" ಎಂದಳು. ಬೆಲೆ 280 ಎಂಬುದು ಅಲ್ಲಿಗೆ ಅಂತಿಮವಾಯಿತು.

ನನ್ನಲ್ಲಿ ಇನ್ನೊಂದು ಉಪಾಯವಿತ್ತು. ಬೆಲೆ ಹಾಗೇ ಬಿಟ್ಟು ಅರ್ಧ ಕಿಲೋ ಪ್ಯಾಕಿನಲ್ಲಿ 450 ಗ್ರಾಂ ತುಂಬಿದರೆ? ಚೀಟಿಯ ಮೇಲೆ 450 ಎಂದೇ ಬರೆದರಾಯಿತು, ಕಾನೂನಿಗೂ ಕಣ್ಣಿಗೂ ಮೋಸವಿಲ್ಲ. ನನ್ನಾಕೆ ನಕ್ಕಳು. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಡಬ್ಬ ಎತ್ತಿದರೆ ಸಾಕು, ತೂಕ ಹೇಳುವ ಹೆಂಗಸರು. ಬೆಲೆ ಏರಿದರೆ ಒಂದು ದಿನ ಬೈಯುತ್ತಾರೆ; ತೂಕ ಇಳಿದದ್ದು ಗೊತ್ತಾದರೆ ಉಪ್ಪು, ಎಳ್ಳು, ಕೊನೆಗೆ ಬೆಣ್ಣೆಯ ಮೇಲೂ ಅನುಮಾನ ಪಡುತ್ತಾರೆ.

ಪತ್ರವನ್ನು ವಾಟ್ಸಾಪಿಗೆ ಇಳಿಸುವ ಕೆಲಸ ಮಗಳದು. ನಾಲ್ಕು ಪುಟ ಪೂರ್ತಿ ಹಾಕು ಎಂದೆ. ಉದ್ದದ ಸಂದೇಶ ಮೊದಲ ಕೆಲವು ಸಾಲಾದ ಮೇಲೆ ಮಡಚಿಕೊಳ್ಳುತ್ತದೆ, ಬೆರಳಿಟ್ಟು ಬಿಡಿಸಬೇಕು, ಯಾರೂ ಬಿಡಿಸುವುದಿಲ್ಲ ಎಂದಳು. "ಅಪ್ಪ, ನಿಮ್ಮ ಮಾನವಕುಲ ಮಾತ್ರ ಕಾಣಿಸುತ್ತೆ. ರೇಟು ಒಳಗೇ ಇರುತ್ತೆ."

ಅವಳೇ ಇನ್ನೊಂದು ವಿಷಯ ಎತ್ತಿದಳು. ಸ್ಟೇಟಸ್ಸಿಗೆ ಹಾಕಿದ್ದನ್ನು ಪರಸ್ಪರ ನಂಬರು ಉಳಿಸಿಕೊಂಡವರೆಲ್ಲ ನೋಡಬಹುದು, ಒಂದು ದಿನವೂ ಚಕ್ಕುಲಿ ಕೊಳ್ಳದವರೂ. ವರ್ಷಗಟ್ಟಲೆ ತರಿಸುತ್ತಿರುವವರಿಗೆ ಬೆಲೆ ಏರಿದ ಸುದ್ದಿ ಕೊಳ್ಳದವರ ಜೊತೆಗೇ ತಿಳಿಯಬಾರದು. ಹಾಗಾಗಿ ಹಳೆಯ ಗಿರಾಕಿಗಳಿಗೆ ಒಂದು ವಾರ ಮೊದಲೇ ಬೇರೆ ಬೇರೆಯಾಗಿ ಕಳಿಸುವುದು, ಆಮೇಲೆ ಸ್ಟೇಟಸ್. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಒಮ್ಮೆಗೇ ಕಳಿಸಬಹುದಲ್ಲ ಎಂದು ನನ್ನ ತಾಂತ್ರಿಕ ಜ್ಞಾನ ತೋರಿಸಿದೆ. ನಮ್ಮ ನಂಬರು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದಂತೆ. ನಮ್ಮ ನಂಬರು ಎಷ್ಟೋ ಜನರ ಬಳಿ ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಯಲ್ಲಿದೆ.

ಕೊನೆಗೆ ಹೆಂಡತಿ ಹೇಳಿದಳು, ಮಗಳು ಬರೆದಳು, ನಾನು ಪೂರ್ಣವಿರಾಮ ಹಾಕಿದೆ:

"ನಮಸ್ಕಾರ. ಮೇ 1ರಿಂದ ಬೆಣ್ಣೆ ಚಕ್ಕುಲಿ ಅರ್ಧ ಕಿಲೋ 140 ರೂ. (ಈಗ 120). ತೂಕ ಅದೇ, ಬೆಣ್ಣೆ ಅಷ್ಟೇ. ಎಣ್ಣೆ, ಬೆಣ್ಣೆ, ಗ್ಯಾಸು ಏರಿವೆ. ಮಾಡುವವರ ಕೂಲಿಯನ್ನೂ ಸೇರಿಸಿದ್ದೇವೆ. ಏಪ್ರಿಲ್ 30ರೊಳಗೆ ಹೇಳಿದವರಿಗೆ ಹಳೇ ರೇಟು, ಮನೆಗೆ ಎರಡು ಕಿಲೋವರೆಗೆ. ಕಾಲು ಕಿಲೋ ಪ್ಯಾಕೂ ಮಾಡುತ್ತೇವೆ, 70 ರೂ."

ಕ್ಷಮೆ ಕೇಳಿಲ್ಲವಲ್ಲ ಎಂದು ನಾನು ಚಡಪಡಿಸಿದೆ. "ಕದ್ದಿದ್ದೀವಾ?" ಎಂದಳು. ಎರಡು ಕಿಲೋ ಮಿತಿ ಯಾಕೆ, ಬಂದಷ್ಟು ಆರ್ಡರ್ ತಗೋ ಎಂದೆ. ಹಳೇ ರೇಟಿನಲ್ಲಿ ಐದು ಕಿಲೋ ಕೊಂಡವರ ಮನೆಯಲ್ಲಿ ಅದು ತಿಂಗಳೊಪ್ಪತ್ತು ಕೂತು ಮುಗ್ಗುತ್ತದೆ, ಆಗ ಹೆಸರು ಕೆಡುವುದು ತನ್ನದು ಎಂದಳು. ಇದೂ ನನ್ನ ನಾಲ್ಕು ಪುಟಗಳಲ್ಲಿ ಇರಲಿಲ್ಲ.

ಉತ್ತರಗಳು ಬಂದವು. ಹೆಬ್ಬೆರಳು ಎತ್ತಿದವರನ್ನೆಲ್ಲ ನಾನು ಬೆಂಬಲಿಗರೆಂದು ಎಣಿಸಿ ಸಂಭ್ರಮಿಸಿದೆ. ನನ್ನಾಕೆ ಮೇ ತಿಂಗಳಲ್ಲಿ ಎರಡನೇ ಸಲ ಯಾರು ತರಿಸುತ್ತಾರೆ ಎಂದು ಮಾತ್ರ ನೋಡುತ್ತಿದ್ದಳು. ಒಬ್ಬರು, "ಹಿಂದೂಪುರದಲ್ಲಿ ಇನ್ನೂರಕ್ಕೇ ಸಿಗುತ್ತೆ ಅಕ್ಕ" ಎಂದು ಬರೆದರು. ಉತ್ತರವಾಗಿ ಪಾಮ್ ಎಣ್ಣೆಯ ಕುರಿತು ಒಂದು ಪ್ರಬಂಧ ಸಿದ್ಧಪಡಿಸುತ್ತಿದ್ದೆ. ಅಷ್ಟರಲ್ಲಿ ಅವಳು ಫೋನು ಕಸಿದುಕೊಂಡು, "ಹೌದಮ್ಮ, ನಮ್ಮೂರ ಕಡೇದು, ಅಲ್ಲೂ ಚೆನ್ನಾಗಿ ಮಾಡ್ತಾರೆ" ಎಂದು ಕಳಿಸಿಬಿಟ್ಟಳು. ಆಕೆ ಕಾಲು ಕಿಲೋ ಪ್ಯಾಕಿಗೆ ಇಳಿದರು, ಆದರೆ ಬಿಡಲಿಲ್ಲ.

ಮೇ ಕೊನೆಗೆ ಕೇಂದ್ರ ಸರ್ಕಾರ ಕಚ್ಚಾ ಎಣ್ಣೆಯ ಆ ಆಮದು ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿತು. ಬೆಂಗಳೂರಿನ ನಿವೃತ್ತ ಮೇಷ್ಟ್ರೊಬ್ಬರು, ನನ್ನಂತೆಯೇ ಪೇಪರಿನ ಮನುಷ್ಯ, ಸುದ್ದಿಯ ಫೋಟೋ ತೆಗೆದು ಕಳಿಸಿದರು: "ಎಣ್ಣೆ ಇಳಿಯುತ್ತಂತೆ. ಚಕ್ಕುಲಿ?" ನನಗೆ ಬೆವರು. ನನ್ನ ಪತ್ರ ಹೋಗಿದ್ದರೆ, ಅದರ ಎರಡನೆಯ ಪುಟವನ್ನೇ ಹಿಡಿದು ನಮ್ಮ ಮೇಲೆ ವಾದ ಹೂಡುತ್ತಿದ್ದರು.

ಅವಳು ಒಂದೇ ಸಾಲು ಬರೆಸಿದಳು: "ಎಣ್ಣೆ ಇಳಿಯಬಹುದು ಸರ್, ಕೂಲಿ ಇಳಿಯಲ್ಲ. ಎಷ್ಟು ಕಿಲೋ ಕಳಿಸಲಿ?"

ಸ್ವಲ್ಪ ಹೊತ್ತಾದ ಮೇಲೆ ಉತ್ತರ ಬಂತು. "ಒಂದು ಕಿಲೋ. ಎಳ್ಳು ಜಾಸ್ತಿ ಇರಲಿ."